‘ನೀವು’ ಯಾವಾಗ ‘ನೀನು’ ಆಗುತ್ತದೆ?

ಜ್ಞಾನಭಾರತಿ ಸ್ಟೇಷನ್ನಿನಿಂದ ವಿಜಯನಗರಕ್ಕೆ ಮೆಟ್ರೋದಲ್ಲಿ ಆರು ನಿಲ್ದಾಣ. ಅಲ್ಲಿ ಇಳಿದು ನಾನು ಬಸವೇಶ್ವರನಗರದ ಬಸ್ಸು ಹಿಡಿಯುತ್ತೇನೆ. ಒಂದು ಸಂಜೆ ನನ್ನ ಜೊತೆ ಓದುವ ಗೆಳೆಯರೊಬ್ಬರು ಅದೇ ರೈಲು ಹತ್ತಿದರು. ಅವರ ಮನೆ ಕೆಂಗೇರಿ, ಹೋಗಬೇಕಾದದ್ದು ಎದುರಿನ ಪ್ಲಾಟ್‌ಫಾರ್ಮಿನ ರೈಲಿನಲ್ಲಿ. ಅತ್ತಿಗುಪ್ಪೆ ಬರುವಾಗ ಕಂಬಿ ಹಿಡಿದುಕೊಂಡೇ ‘ಐ ಲವ್ ಯು’ ಎಂದರು. ಏಳು ತಿಂಗಳಿಂದ ನಾವಿಬ್ಬರೂ ಪರಸ್ಪರ ‘ನೀವು’ ಎನ್ನುತ್ತಿದ್ದೆವು. ನನ್ನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ: “ಆ ಯು ಅಂದ್ರೆ ನೀನಾ, ನೀವಾ?”

ತಮಾಷೆಗೆ ಕೇಳಿದ್ದಲ್ಲ. ವಿಭಕ್ತಿ, ಸರ್ವನಾಮಗಳ ಜೊತೆ ದಿನ ಕಳೆಯುವವರಿಗೆ ಇಂಥ ರೋಗ ಬರುತ್ತದೆ ಎಂದು ನೀವು ನಗಬಹುದು. ಆದರೆ ನಮ್ಮವರು ಪ್ರೀತಿಯನ್ನು ಮೊದಲ ಸಲ ಹೇಳುವಾಗ ಯಾಕೆ ಇಂಗ್ಲಿಷಿಗೆ ಓಡುತ್ತಾರೆ ಎಂಬುದಕ್ಕೆ ಉತ್ತರ ಆ ಪ್ರಶ್ನೆಯಲ್ಲೇ ಇದೆ ಅಂತ ನನಗೆ ಆಮೇಲೆ ಅನ್ನಿಸಿತು.

ನಾಚಿಕೆಗೆ ಇಂಗ್ಲಿಷು ಒಳ್ಳೆಯ ಮರೆ ಎನ್ನುವುದು ಸಾಮಾನ್ಯ ವಿವರಣೆ. ಅದು ಅರ್ಧ ನಿಜ. ಕನ್ನಡದಲ್ಲಿ ಹೇಳಹೊರಟರೆ ಸಿಗುವ ವಾಕ್ಯವನ್ನೇ ನೋಡಿ: ‘ನಾನು ನಿನ್ನನ್ನು ಪ್ರೀತಿಸುತ್ತೇನೆ’. ವ್ಯಾಕರಣದಲ್ಲಿ ದೋಷವಿಲ್ಲ. ಆದರೂ ರಾಜಾಜಿನಗರದ ಯಾವ ಮನೆಯಲ್ಲೂ ಹೀಗೆ ಯಾರೂ ಮಾತಾಡುವುದಿಲ್ಲ. ಸಂಸ್ಕೃತದ ‘ಪ್ರೀತಿ’ಗೆ ‘ಇಸು’ ಸೇರಿಸಿ ಮಾಡಿದ ಕ್ರಿಯಾಪದ ಅದು. ‘ಪರೀಕ್ಷಿಸು’, ‘ಪರಿಶೀಲಿಸು’ ಇದ್ದ ಹಾಗೆ ‘ಪ್ರೀತಿಸು’ ಕೂಡ ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಕೆಲಸವಾಗುತ್ತದೆ. ‘ನಾನು’ ಕರ್ತೃ, ‘ನಿನ್ನನ್ನು’ ಕರ್ಮ. ಸಾಲದ್ದಕ್ಕೆ ನಮ್ಮ ‘-ತ್ತೇನೆ’ಗೆ ವರ್ತಮಾನ, ಭವಿಷ್ಯ ಎರಡೂ ಒಂದೇ. ‘ನಾಳೆ ಬರುತ್ತೇನೆ’ ಎನ್ನುವ ಹಾಗೆಯೇ ‘ಪ್ರೀತಿಸುತ್ತೇನೆ’ ಎನ್ನುತ್ತೇವೆ. ಹೀಗಾಗಿ ಈಗಾಗಲೇ ಆಗಿಹೋಗಿರುವ ಸಂಗತಿಯೊಂದು ಕೇಳುವವರ ಕಿವಿಗೆ ಆಶ್ವಾಸನೆಯಂತೆ ಬೀಳುತ್ತದೆ.

ಕನ್ನಡ ಭಾವನೆಗಳನ್ನು ಹೇಳುವ ರೀತಿಯೇ ಬೇರೆ. ನನಗೆ ಹಸಿವಾಗಿದೆ, ನನಗೆ ಚಳಿ, ನನಗೆ ಬೇಜಾರು, ನನಗೆ ಇಷ್ಟ. ಇಲ್ಲೆಲ್ಲ ‘ನಾನು’ ಚತುರ್ಥಿಯಲ್ಲಿದೆ. ಭಾವನೆಯನ್ನು ನಾನು ಮಾಡುತ್ತಿಲ್ಲ, ಅದು ನನಗೆ ಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಬಳಸಿದ ‘ಒಲಿ’ ಧಾತುವನ್ನು ಗಮನಿಸಿ. ಅಲ್ಲಿ ಚತುರ್ಥಿ ಇರುವುದು ಚೆನ್ನಮಲ್ಲಿಕಾರ್ಜುನನಿಗೆ. ಅವನನ್ನು ಒಲಿಯುವುದಲ್ಲ, ಅವನಿಗೆ ಒಲಿಯುವುದು. ಜೊತೆಗೆ ‘ಒಲಿದೆ’ ಎಂಬ ಭೂತಕಾಲ. ಆಗಿಹೋದದ್ದನ್ನು ತಿಳಿಸುತ್ತಿದ್ದಾಳೆ, ಒಪ್ಪಿಗೆ ಕೇಳುತ್ತಿಲ್ಲ. ಆ ‘ಒಲಿ’ ಇವತ್ತು ಸಿನಿಮಾ ಹಾಡಿನಲ್ಲಿ, ‘ಲಕ್ಷ್ಮಿ ಒಲಿದಳು’ ಎನ್ನುವಲ್ಲಿ ಉಳಿದಿದೆ. ಮೆಟ್ರೋದಲ್ಲಿ ಹೇಳಿದರೆ ನಾಟಕ ಅನ್ನಿಸುತ್ತದೆ.

ಉಳಿಯುವುದು ‘ನೀವಂದ್ರೆ ನಂಗಿಷ್ಟ’. ನನಗೆ ಇದು ಒಳ್ಳೆಯ ವಾಕ್ಯ ಅನ್ನಿಸುತ್ತದೆ. ಇದರಲ್ಲಿ ಎದುರಿನವರು ಕರ್ಮಪದವಲ್ಲ, ಅವರ ಮೇಲೆ ಯಾವ ಹಕ್ಕೂ ಇಲ್ಲ. ತೊಂದರೆಯೆಂದರೆ ಮಸಾಲೆ ದೋಸೆಯೂ ನಂಗಿಷ್ಟವೇ. ಕೇಳಿದವರು ಬೇಕೆಂದರೆ “ನಂಗೂ ನೀವಂದ್ರೆ ಇಷ್ಟಾರೀ, ಒಳ್ಳೆ ಫ್ರೆಂಡು” ಎಂದು ಮೆತ್ತಗೆ ಜಾರಿಕೊಳ್ಳಬಹುದು. ಹಾಗೆ ಜಾರಿಕೊಂಡರೆ ಅದೇ ಉತ್ತರ ಎಂದು ತಿಳಿಯಬೇಕು. “ಇಷ್ಟ ಅಂದ್ರೆ?” ಎಂದು ತಿರುಗಿ ಕೇಳಿದರೆ ಮಾತು ಮುಂದುವರಿಸಬಹುದು. ಇಬ್ಬರ ಮರ್ಯಾದೆಯೂ ಉಳಿಯುವಷ್ಟು ಜಾಗ ಆ ವಾಕ್ಯದಲ್ಲಿದೆ.

ನಮ್ಮ ಪ್ರೇಮಕಥೆಗಳಲ್ಲಿ ಈ ಜಾಗ ಇರುವುದು ಕಡಿಮೆ. ಉಷಾ ನವರತ್ನರಾಂ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಮಾಡಿದ ‘ಬಂಧನ’ (1984) ಚಿತ್ರದ ಡಾ. ಹರೀಶ್, ನಂದಿನಿಯ ಸ್ನೇಹವನ್ನೇ ಪ್ರೀತಿ ಎಂದು ಓದಿಕೊಳ್ಳುತ್ತಾನೆ. ಅವನು ಬಾಯಿಬಿಡುವ ಮೊದಲೇ ಅವಳ ಮನಸ್ಸು ಬೇರೆಯವನಲ್ಲಿದೆ ಎಂದು ಗೊತ್ತಾಗುತ್ತದೆ. ವಿಷ್ಣುವರ್ಧನ್ ಅಭಿನಯದ ಬಲಕ್ಕೆ ನಾವು ಇದನ್ನು ‘ಹೇಳಲು ತಡಮಾಡಿದವನ ದುರಂತ’ ಎಂದು ನೋಡಿ ಅತ್ತಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಒಂದು ವಾರ ಮೊದಲು ಹೇಳಿದ್ದರೂ ಅವಳ ಉತ್ತರ ಬೇರೆಯಾಗುತ್ತಿರಲಿಲ್ಲ. ಅವನ ತಪ್ಪು ಗಡಿಯಾರದ್ದಲ್ಲ. ಪ್ರಶ್ನೆಯನ್ನೂ ಉತ್ತರವನ್ನೂ ತಾನೊಬ್ಬನೇ ಬರೆದುಕೊಂಡದ್ದು ಅವನ ತಪ್ಪು.

ಇಪ್ಪತ್ತೆರಡು ವರ್ಷದ ನಂತರ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಇದಕ್ಕೆ ತಿರುಗುಮುರುಗು. ಮದುವೆಗೆ ಒಂದೇ ವಾರ ಇರುವ ಹುಡುಗಿಗೆ ಪ್ರೀತಮ್ ಹೇಳುವುದನ್ನೆಲ್ಲ ಆರಂಭದಲ್ಲೇ ಹೇಳಿಬಿಡುತ್ತಾನೆ. ಅದು ಅವನ ಉಳಿದ ಹರಟೆಯ ಜೊತೆ ಸೇರಿಹೋಗುತ್ತದೆ. ಆ ಮಾತಿಗೆ ಅವನು ಏನನ್ನೂ ತೆತ್ತಿಲ್ಲ, ಹಾಗಾಗಿ ಅದಕ್ಕೆ ತೂಕವೂ ಇಲ್ಲ. ಮಡಿಕೇರಿಯ ಮಳೆಯಲ್ಲಿ ದಿನಗಳು ಕಳೆದು ನಂದಿನಿಯ ಮನಸ್ಸು (ಇವಳ ಹೆಸರೂ ನಂದಿನಿಯೇ) ಬದಲಾದಾಗ, ಮಾತಿಗೆ ನಿಜವಾಗಿ ಬೆಲೆ ಬಂದ ಹೊತ್ತಿನಲ್ಲಿ, ಅವನು ಬಾಯಿ ಮುಚ್ಚುತ್ತಾನೆ. ಮನಸ್ಸಿನ ಮಾತು ಕೇಳಿಸಿಕೊಳ್ಳಲು ಅವನಿಗೆ ದೇವದಾಸ್ ಎಂಬ ಮೊಲ ಇದೆ. ಹುಡುಗಿಗೆ ಹೇಳಬೇಕಾದ್ದನ್ನು ಮೊಲಕ್ಕೆ ಹೇಳುವುದು ತ್ಯಾಗವೆಂದು ಚಿತ್ರ ನಂಬಿಸುತ್ತದೆ. ಅವಳ ಬದುಕಿನ ತೀರ್ಮಾನ ಅವಳಿಲ್ಲದೆಯೇ ಆಗಿಹೋದದ್ದು ಮಳೆಯ ಸದ್ದಿನಲ್ಲಿ ನಮಗೆ ಕೇಳಿಸುವುದೇ ಇಲ್ಲ.

ಒಬ್ಬ ತಡ, ಒಬ್ಬ ಅವಸರ. ಇಬ್ಬರಲ್ಲೂ ಇಲ್ಲದ್ದು ಎದುರಿನವಳ ಪಾಲು. ಸರಿಯಾದ ಹೊತ್ತು ಯಾವುದು ಎಂದು ಇವರಿಬ್ಬರೂ ತಮ್ಮೊಳಗೇ ಹುಡುಕಿದರು. ಆದರೆ ಕನ್ನಡದಲ್ಲಿ ಆ ಹೊತ್ತನ್ನು ಹೊರಗೇ ಗುರುತಿಸಬಹುದು, ಸರ್ವನಾಮದಲ್ಲಿ.

ನನ್ನ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನ ‘ಯು’ಗೆ ಏಕವಚನ, ಬಹುವಚನ, ಗೌರವ ಎಲ್ಲವೂ ಒಂದೇ. ‘ನೀವು’ ಎಂದರೆ ದೂರವಾಗುತ್ತದೆ, ‘ನೀನು’ ಎಂದರೆ ಮೇಲೆ ಬಿದ್ದ ಹಾಗಾಗುತ್ತದೆ ಎಂಬ ಇಕ್ಕಟ್ಟಿನಿಂದ ಅದು ಪಾರುಮಾಡುತ್ತದೆ. ಇಕ್ಕಟ್ಟೇನೂ ಸುಳ್ಳಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಏಕವಚನದಲ್ಲಿ ವಾಗ್ದಾಳಿ’ ಎಂದರೆ ಬೈಗುಳ. ಅಪ್ಪಣೆಯಿಲ್ಲದ ‘ನೀನು’ ಇಲ್ಲಿ ಅವಮಾನ, ಅಪ್ಪಣೆ ಪಡೆದ ‘ನೀನು’ ಸಲಿಗೆ. ನಮ್ಮ ಅಜ್ಜಿಯರು ಆಯುಷ್ಯವಿಡೀ ಗಂಡನಿಗೆ ‘ರೀ’ ಎಂದರು, ಗಂಡಂದಿರು ಮೊದಲ ದಿನದಿಂದಲೇ ‘ನೀನು’ ಎಂದರು. ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಇಬ್ಬರೂ ‘ನೀವು’ವಿನಿಂದ ಶುರುಮಾಡಿ ಇಬ್ಬರೂ ‘ನೀನು’ವಿಗೆ ಇಳಿಯುವುದು ಸಂಬಂಧಗಳಲ್ಲಿ ತೀರಾ ಈಚಿನ ಸಂಗತಿ. ಅದಕ್ಕೆ ಇಬ್ಬರೂ ಬೇಕು. ಒಬ್ಬರು ‘ನೀನು’ ಎಂದು ಇನ್ನೊಬ್ಬರು ‘ನೀವು’ವಿನಲ್ಲೇ ನಿಂತರೆ, ಹೇಳುವ ಹೊತ್ತು ಬಂದಿಲ್ಲ. ಅದನ್ನು ತಿಳಿಯಲು ಧೈರ್ಯವೂ ಬೇಡ, ಗುಲಾಬಿಯೂ ಬೇಡ, ಕಿವಿ ಇದ್ದರೆ ಸಾಕು.

ಇದಕ್ಕೊಂದು ಮಿತಿಯಿದೆ, ಒಪ್ಪುತ್ತೇನೆ. ಶಾಲೆಯಿಂದಲೇ ‘ಲೋ’, ‘ಲೇ’ ಎನ್ನುತ್ತ ಬೆಳೆದವರಿಗೆ ಇಳಿಯಲು ಮೆಟ್ಟಿಲೇ ಉಳಿದಿರುವುದಿಲ್ಲ. ಅಂಥವರಲ್ಲಿ ಕೆಲವರು ತದ್ವಿರುದ್ಧ ಮಾಡುವುದನ್ನು ಕಂಡಿದ್ದೇನೆ. ಹೇಳುವ ದಿನ ಹತ್ತಿರವಾದಂತೆ ‘ಲೋ’ ನಿಂತುಹೋಗುತ್ತದೆ, ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲೂ ಕೆಲಸ ಮಾಡುವುದು ಕರೆಯುವ ರೀತಿಯೇ.

ಅವತ್ತು ಅತ್ತಿಗುಪ್ಪೆಯಿಂದ ವಿಜಯನಗರದ ತನಕ ಅವರು ಸುಮ್ಮನಿದ್ದರು. ಬಾಗಿಲು ತೆರೆದಾಗ, “ನೀವು...” ಎಂದು ಸ್ವಲ್ಪ ತಡೆದು, “ಸದ್ಯಕ್ಕೆ” ಎಂದರು. ಕೆಂಗೇರಿಯ ರೈಲು ಹಿಡಿಯಲು ಮೆಟ್ಟಿಲಿಳಿದು ಆಚೆ ಪ್ಲಾಟ್‌ಫಾರ್ಮಿಗೆ ಹೋದರು. ನಾನು ಉತ್ತರ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಆಮೇಲೆ ಎರಡು ತಿಂಗಳು ಅದೇ ‘ನೀವು’ ನಡೆಯಿತು. ಒಂದು ಮಧ್ಯಾಹ್ನ ಗ್ರಂಥಾಲಯದಿಂದ ಹೊರಬಂದರೆ ಜೋರು ಮಳೆ. ಮೆಟ್ಟಿಲ ಮೇಲೆ ನಿಂತಿದ್ದವರನ್ನು ನೋಡಿ, ಯೋಚಿಸದೆ, ನಾನೇ ಕೇಳಿದೆ: “ಛತ್ರಿ ತಂದಿದ್ದೀಯಾ?”

“ಇಲ್ಲ,” ಎಂದರು. ಆಮೇಲೆ ಎರಡು ಹೆಜ್ಜೆ ಈಚೆ ಬಂದು, “ನೀನು?”