ಡಿಸ್ಕ್ ಕಿತ್ತವರು ಯಾರು?

ರಾತ್ರಿಯಿಡೀ ಮ್ಯಾಕ್ ಮಲಗಿತ್ತು, ಅದಕ್ಕೆ ಜೋಡಿಸಿದ ಡಿಸ್ಕಿನ ಕೇಬಲ್ಲನ್ನು ಯಾರೂ ಮುಟ್ಟಿಲ್ಲ. ಆದರೂ ಬೆಳಿಗ್ಗೆ ಎಬ್ಬಿಸಿದೊಡನೆ ಪರದೆಯ ಮೂಲೆಯಲ್ಲಿ Disk Not Ejected Properly ಎಂಬ ಎಚ್ಚರಿಕೆ. ಜೊತೆಗೆ, ಡಿಸ್ಕ್ ತೆಗೆಯುವ ಮುನ್ನ ಇಜೆಕ್ಟ್ ಮಾಡಿ ಎಂಬ ಬುದ್ಧಿವಾದ. ಅಷ್ಟರಲ್ಲಿ ಡಿಸ್ಕ್ ಫೈಂಡರ್‌ನಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಕಾಣಿಸಿಕೊಂಡಿರುತ್ತದೆ. ಏನೋ ನಡೆದಿದೆ ಎಂದು ಈ ಎಚ್ಚರಿಕೆ ಹೇಳುವುದು ನಿಜ. ಆದರೆ ಯಾರಿಂದ ನಡೆಯಿತು ಎಂಬಲ್ಲಿ ಅದು ಬೆರಳು ತೋರುವುದು ತಪ್ಪು ಮನುಷ್ಯನ ಕಡೆಗೆ.

ಮ್ಯಾಕ್ ಮಲಗಿದಾಗ ಯುಎಸ್‌ಬಿ ಪೋರ್ಟ್‌ಗಳೂ ವಿರಾಮಕ್ಕೆ ಹೋಗುತ್ತವೆ. ಎಲ್ಲ ಸರಿಯಿದ್ದರೆ ಡಿಸ್ಕ್ ಅದೇ ಸಂಪರ್ಕದಲ್ಲಿ ಎಚ್ಚರಗೊಂಡು ಕೆಲಸ ಮುಂದುವರಿಸಬೇಕು. ಆದರೆ ನಡುವಿನ ಹಬ್ ಅಥವಾ ಡಿಸ್ಕ್ ಪೆಟ್ಟಿಗೆಯೊಳಗಿನ ಚಿಪ್ ಆ ಹೊತ್ತಿನಲ್ಲಿ ರೀಸೆಟ್ ಆದರೆ, ಎದ್ದಾಗ ಅದು ಹೊಸದಾಗಿ ಚುಚ್ಚಿದ ಸಾಧನವೆಂದೇ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಹಳೆಯ ಡಿಸ್ಕ್ ಹೇಳದೆ ಕೇಳದೆ ಮಾಯವಾಯಿತು, ಹೊಸದೊಂದು ಬಂತು ಎಂದು ಮ್ಯಾಕ್‌ಓಎಸ್ ತಿಳಿಯುತ್ತದೆ. ಕೈಯಿಂದ ಕಿತ್ತರೂ ಚಿಪ್ ಎಡವಿದರೂ ಅದು ತೋರಿಸುವುದು ಒಂದೇ ವಾಕ್ಯ.

ಇದಕ್ಕೆ ಮದ್ದು ಹುಡುಕಿ ಸೆಟ್ಟಿಂಗ್ಸ್ ತೆರೆದವರ ಕಣ್ಣು ಮೊದಲು ಬೀಳುವುದು Put hard disks to sleep when possible ಎಂಬುದರ ಮೇಲೆ. ಹೆಸರಿನಲ್ಲೇ ಡಿಸ್ಕೂ ಇದೆ, ನಿದ್ದೆಯೂ ಇದೆ. ಕಾರಣ ಇದೇ ಇರಬೇಕು ಎನಿಸುವುದು ಸಹಜ. ಆದರೆ ಅದು ಹಿಡಿತ ಸಾಧಿಸುವುದು ಮ್ಯಾಕ್ ಎಚ್ಚರವಾಗಿರುವಾಗ ಸುಮ್ಮನಿರುವ ಡಿಸ್ಕಿನ ತಿರುಗಾಟದ ಮೇಲೆ ಮಾತ್ರ. ಇಡೀ ಯಂತ್ರ ಮಲಗಿದಾಗ ಆ ಆಯ್ಕೆಗೆ ಮಾತೇ ಇಲ್ಲ. ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು Prevent automatic sleeping when the display is off. ಮೇಜಿನ ಮ್ಯಾಕ್‌ಗಳಲ್ಲಿ ಅದು Energy ವಿಭಾಗದಲ್ಲಿದೆ. ಲ್ಯಾಪ್‌ಟಾಪ್‌ನಲ್ಲಿ, ಚಾರ್ಜರ್ ಜೋಡಿಸಿರುವಾಗಕ್ಕೆ ಮಾತ್ರ ಅನ್ವಯಿಸುವಂತೆ, Battery ವಿಭಾಗದ Options ಒಳಗೆ ಅಡಗಿದೆ. ಪರದೆ, ಡಿಸ್ಕ್, ಯಂತ್ರ ಹೀಗೆ ನಿದ್ದೆ ಮೂರು ಬಗೆ. ಯಾವ ಗುಂಡಿ ಯಾವ ನಿದ್ದೆಗೆ ಎಂದು ಈ ಪುಟ ಬಿಡಿಸಿ ಹೇಳದಿರುವುದು ಇದರ ವಿನ್ಯಾಸದ ದೊಡ್ಡ ಕೊರತೆ.

ಒಂದು ಉದಾಹರಣೆ ನೋಡೋಣ. ಮ್ಯಾಕ್ ಮಿನಿಗೆ, ಪ್ರತ್ಯೇಕ ಅಡಾಪ್ಟರ್ ಇಲ್ಲದ ಹಬ್ ಮೂಲಕ, 2.5 ಇಂಚಿನ ಹಾರ್ಡ್ ಡಿಸ್ಕ್ ಜೋಡಿಸಲಾಗಿದೆ. ಡಿಸ್ಕ್ ನಿದ್ದೆಯ ಆಯ್ಕೆಯನ್ನು ಆಫ್ ಮಾಡಿದರೂ ಎಚ್ಚರಿಕೆ ತಪ್ಪಿಲ್ಲ. ಬೆಳಗಾಗುವಷ್ಟರಲ್ಲಿ ಒಂದರ ಮೇಲೊಂದು ಕೂಡಿಬಿದ್ದಿವೆ. ಆಗ ಟರ್ಮಿನಲ್‌ನಲ್ಲಿ ಇದನ್ನು ಓಡಿಸಬೇಕು:

```
pmset -g log | grep -E "Entering Sleep|Wake from"
```

ಮ್ಯಾಕ್ ಯಾವಾಗ ಮಲಗಿತು, ಯಾವಾಗ ಎದ್ದಿತು ಎಂಬ ದಿನಚರಿ ಸಿಗುತ್ತದೆ. ಅದರಲ್ಲಿ DarkWake ಎಂದಿರುವ ಸಾಲುಗಳು, ಪರದೆ ಹೊತ್ತಿಸದೆ ಹಿನ್ನೆಲೆ ಕೆಲಸಕ್ಕೆಂದು ಮ್ಯಾಕ್ ಅರೆಗಣ್ಣು ತೆರೆದ ಗಳಿಗೆಗಳು. ಎಚ್ಚರಿಕೆಗಳು ಬಂದ ಹೊತ್ತು ಈ ಸಾಲುಗಳಿಗೆ ತಾಳೆಯಾದರೆ, ಒಂದೇ ರಾತ್ರಿಯಲ್ಲಿ ಹಲವು ಏಕೆ ಬಂದವು ಎಂಬುದೂ ತಿಳಿಯುತ್ತದೆ. ತಾಳೆಯಾಗದೆ, ಮ್ಯಾಕ್ ಎಚ್ಚರವಿದ್ದಾಗಲೂ ಬರುತ್ತಿದ್ದರೆ ನಿದ್ದೆಯನ್ನು ಬಿಟ್ಟು ಕೇಬಲ್ಲನ್ನೋ ವಿದ್ಯುತ್ ಪೂರೈಕೆಯನ್ನೋ ಅನುಮಾನಿಸಬೇಕು. ಮುಂದಿನ ಹೆಜ್ಜೆ, ಹಬ್ ಬಿಟ್ಟು ಡಿಸ್ಕನ್ನು ನೇರವಾಗಿ ಮ್ಯಾಕ್‌ಗೆ ಜೋಡಿಸುವುದು. ಆಗ ಎಚ್ಚರಿಕೆ ನಿಂತರೆ ತಪ್ಪು ಹಬ್‌ನದು. ನಿಲ್ಲದಿದ್ದರೆ ಡಿಸ್ಕ್ ಪೆಟ್ಟಿಗೆಯ ಚಿಪ್‌ನದೇ ಇರಬಹುದು. ಪೆಟ್ಟಿಗೆ ಬದಲಿಸಬೇಕು, ಇಲ್ಲವೇ ಯಂತ್ರದ ನಿದ್ದೆಯನ್ನೇ ತಡೆಯಬೇಕು.

ತಡೆಯುವುದರ ಖರ್ಚು ಹೆಚ್ಚಲ್ಲ. 2020ರ ಎಂ1 ಮ್ಯಾಕ್ ಮಿನಿ ಸುಮ್ಮನಿರುವಾಗ ಬಳಸುವುದು ಸುಮಾರು 7 ವ್ಯಾಟ್. ತಿಂಗಳಿಡೀ ಎಚ್ಚರವಿದ್ದರೂ 5 ಯೂನಿಟ್‌ನ ಆಸುಪಾಸು, ಡಿಸ್ಕಿನ ಬಳಕೆ ಬೇರೆ. ಆದರೆ ಮೆನುವಿನಿಂದ ನಾವೇ Sleep ಆರಿಸಿದರೆ ಈ ತಡೆ ಕೆಲಸಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿದರೂ ಸಾಮಾನ್ಯವಾಗಿ ಅಷ್ಟೇ. ಅಲ್ಲಿ ಮುಚ್ಚುವ ಮುನ್ನ ಇಜೆಕ್ಟ್ ಮಾಡುವುದೇ ಭದ್ರ.

ಹಾಗೆಂದು ಎಚ್ಚರಿಕೆಯನ್ನು ಕಡೆಗಣಿಸುವಂತಿಲ್ಲ. ಎಪಿಎಫ್‌ಎಸ್ ಡಿಸ್ಕ್ ಹಳೆಯ ದಾಖಲೆಯ ಮೇಲೆಯೇ ಹೊಸದನ್ನು ಬರೆಯುವುದಿಲ್ಲವಾದ್ದರಿಂದ ಹಠಾತ್ ಕಡಿತವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ವಿಂಡೋಸ್‌ನಲ್ಲೂ ಬಳಸಲೆಂದು ಎಕ್ಸ್‌ಫ್ಯಾಟ್ ಮಾಡಿಟ್ಟ ಡಿಸ್ಕಿಗೆ ಜರ್ನಲ್ ರಕ್ಷಣೆ ಇಲ್ಲ. ನಕಲು ನಡೆಯುತ್ತಿರುವಾಗ ಸಂಪರ್ಕ ಹರಿದರೆ ಕಡತವಷ್ಟೇ ಅಲ್ಲ, ಫೋಲ್ಡರ್ ಪಟ್ಟಿಯೂ ಕೆಡಬಹುದು. ಆದರೆ ಅಪಾಯವಿಲ್ಲದ ಬೆಳಗ್ಗೆಗೂ ಅಪಾಯದ ಬೆಳಗ್ಗೆಗೂ ಒಂದೇ ವಾಕ್ಯವಾದರೆ, ಜನ ಓದದೆ ಒರೆಸಿಹಾಕುವ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಮಲಗಿದ್ದು, ಎದ್ದದ್ದು ಯಾವಾಗ ಎಂಬ ಲೆಕ್ಕ ಮ್ಯಾಕ್‌ನ ಬಳಿಯೇ ಇದೆ. ಡಿಸ್ಕ್ ಕಳಚಿದ್ದು ಎದ್ದ ಗಳಿಗೆಯಲ್ಲೇ ಎಂದಾದರೆ, ‘ನಿದ್ದೆಯ ವೇಳೆ ಈ ಡಿಸ್ಕಿನ ಸಂಪರ್ಕ ತಪ್ಪಿತ್ತು, ಈಗ ಮತ್ತೆ ಜೋಡಣೆಯಾಗಿದೆ’ ಎಂದು ಬರೆದು, ಯಂತ್ರದ ನಿದ್ದೆಯ ಸೆಟ್ಟಿಂಗ್‌ಗೆ ದಾರಿ ತೋರಿಸಬಹುದಿತ್ತು. ಅದನ್ನು ಮಾಡುವ ತನಕ ಇದು ಬಳಕೆದಾರನಿಗೆ ಬೇಕಾದ ಎಚ್ಚರಿಕೆಯೇ, ಆದರೆ ಉಪಯೋಗಕ್ಕೆ ಬಾರದ ಸಲಹೆ.