ಸೋರುವ ಮಾಳಿಗೆ, ರಾಕ್ ಹಾಡು ಮತ್ತು ಕಾವ್ಯ

ಅಮೆರಿಕದ ಹಾಡುಗಾರ ಬಾಬ್ ಡಿಲನ್ನರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಸಂದಾಗ, ಗಿಟಾರಿನ ಪದಗಳು ಸಾಹಿತ್ಯವಾಗಬಲ್ಲವೇ ಎಂಬ ವಾದವೆದ್ದಿತು. ಹಾಡುಗಳಿರುವುದು ಹಾಡುವುದಕ್ಕೇ ಹೊರತು ಓದುವುದಕ್ಕಲ್ಲವೆಂದು ಡಿಲನ್ನರೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಹೇಳಿದರು. ಈ ವಾದವನ್ನು ಒರೆಗೆ ಹಚ್ಚಲು ಕನ್ನಡದಲ್ಲಿಯೇ ಒಂದು ಹಾಡಿದೆ. ರಘು ದೀಕ್ಷಿತರು 2008ರ ‘ಅಂತರಾಗ್ನಿ’ಯಲ್ಲಿ ಶಿಶುನಾಳ ಷರೀಫರ (1819–1889) ಮಾಳಿಗೆ ಸೋರುವ ತತ್ವಪದವನ್ನು ರಾಕ್ ವಾದ್ಯಗಳೊಡನೆ ಹಾಡಿದ್ದಾರೆ.

ಈ ಪದದ ಜೀವವಿರುವುದು ಮಾಳಿಗೆಯ ಚಿತ್ರದಲ್ಲಿ. ದಕ್ಷಿಣದ ನಗರವಾಸಿಗೆ ಮಾಳಿಗೆಯೆಂದರೆ ಮೇಲಂತಸ್ತು. ಅಕ್ಕಲಕೋಟ ಸೀಮೆಯ ನಮಗೆ ಅದು ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಚಾವಣಿ. ಮಳೆಗಾಲಕ್ಕೆ ಮೊದಲು ಮೇಲೇರಿ, ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಅದು ಸೋರುತ್ತದೆ. ಷರೀಫರ ಪದದಲ್ಲಿ ಜಂತಿಗೆ ಹುಳು ಬಿದ್ದಿದೆ, ಕೀಲು ಸಡಿಲಿದೆ, ಮನೆಯವನು ಕತ್ತಲಲ್ಲಿ ಮೇಲೇರಲಾರೆನೆನ್ನುತ್ತಾನೆ. ಮನೆಯನ್ನು ದೇಹವೆಂದು ತಿಳಿದೊಡನೆ ಈ ‘ಏರುವಿಕೆ’ ಸಾಧನೆಯೂ ಆಗುತ್ತದೆ. ಒಂದೇ ಕ್ರಿಯಾಪದವು ರಿಪೇರಿ, ಮುಕ್ತಿ ಎರಡನ್ನೂ ಹೊತ್ತಿದೆ.

ಇನ್ನೂ ಸೂಕ್ಷ್ಮವಾದುದು ಮಳೆಯ ಮಾತು. ಸುರಿಯುವುದು ಹುಬ್ಬಿಯ ಮಳೆ. ಅದು ಕರುಣೆಯಿಂದ ಬಂದುದೆಂದು ಷರೀಫರು ಹೆಂಡತಿಗೆ ಹೇಳುವಂತೆ ಹೇಳುತ್ತಾರೆ. ಸೋರುವುದಕ್ಕೆ ಅವರು ಕೊಡುವ ಕಾರಣವಾದರೋ ಅಜ್ಞಾನ. ಹಾಗಾದರೆ ಮಳೆ ಪೀಡೆಯೋ, ಕೃಪೆಯೋ? ಹೊಲಕ್ಕೆ ಕೃಪೆ, ಹಾಳು ಮನೆಗೆ ಪೀಡೆ. ಕೃಪೆಯನ್ನು ತಾಳಿಕೊಳ್ಳಲಾರದ ಮನೆಯೇ ದೋಷಿ. ಈ ಎರಡರ್ಥವನ್ನು ಪದವು ಬಿಡಿಸಿ ಹೇಳದು. ನಮ್ಮ ಮೀಮಾಂಸಕರು ಧ್ವನಿಯೆಂದುದು ಇದನ್ನೇ.

ರಾಕ್ ವಾದ್ಯಗಳು ಇದಕ್ಕೆ ಏನು ಮಾಡುತ್ತವೆ? ಮತ್ತೆ ಮತ್ತೆ ಮರಳುವ ಪಲ್ಲವಿ ನಿಲ್ಲದ ತೊಟ್ಟಿಕ್ಕುವಿಕೆಯನ್ನು ಕಿವಿಗೆ ಮುಟ್ಟಿಸುತ್ತದೆ. ಇದು ಲಾಭ. ಡ್ರಮ್ಮಿನ ಲಯಕ್ಕೆ ಮೈಮರೆತವನಿಗೆ ಪಲ್ಲವಿಯಷ್ಟೇ ಉಳಿದು, ಕರುಣೆಯ ಮಳೆಯಿರುವ ನುಡಿ ಜಾರಿಹೋಗಬಹುದು. ಇದು ನಷ್ಟ. ಅಕ್ಕಲಕೋಟ ರಸ್ತೆ ಎಂಐಡಿಸಿಯ ತಗಡಿನ ಷೆಡ್ಡುಗಳಲ್ಲಿ ದುಡಿದು, ಸ್ಲ್ಯಾಬಿನ ಮನೆಗಳಲ್ಲಿ ಮಲಗುವ ನಮ್ಮ ತರುಣರಿಗೆ ಮಣ್ಣಿನ ಮಾಳಿಗೆಯೇ ಅಪರಿಚಿತ. ಅವರಿಗೆ ರಾಗ ತಲುಪುತ್ತದೆ. ಚಿತ್ರವನ್ನು ಹಿರಿಯರು ವಿವರಿಸಬೇಕು.

ಈ ಪದಗಳು ದೀಕ್ಷಿತರವಲ್ಲ, ಷರೀಫರವು. ಆದ್ದರಿಂದ ರಾಕ್ ಸಂಗೀತವೇ ಕಾವ್ಯವನ್ನು ಹುಟ್ಟಿಸಿತೆನ್ನಲಾಗದು. ಆದರೆ ಹಾಡಲೆಂದೇ ಕಟ್ಟಿದ ಮಾತು ಕಾವ್ಯವಾಗದೆಂಬ ಆಕ್ಷೇಪ ಇಲ್ಲಿ ಬಿದ್ದುಹೋಗುತ್ತದೆ. ಭಜನೆಯ ಏಕತಾರಿಯಿಂದ ಗಿಟಾರಿಗೆ ಬಂದರೂ ಆ ಮಳೆ ತನ್ನ ಎರಡರ್ಥವನ್ನು ಬಿಟ್ಟಿಲ್ಲ. ಇಂದಿನ ಗೀತಕಾರನಿಗೂ ನಾವು ಹಿಡಿಯುವ ಅಳತೆಗೋಲು ಇದೇ: ವಾದ್ಯ ನಿಂತ ಮೇಲೆ ಅವನ ಚಿತ್ರದಲ್ಲಿ ಎರಡನೆಯ ಅರ್ಥ ಉಳಿದಿದೆಯೇ? ಉಳಿದಿದ್ದರೆ ಅವನು ಕವಿ. ಲಯವಷ್ಟೇ ಉಳಿದರೆ ಅದು ಸೊಗಸಾದ ಹಾಡು, ಕಾವ್ಯವಲ್ಲ.