ಗೂಟಕ್ಕೆ ನೇತುಹಾಕಿದ ಕೈಬೆಲ್ಟು

ಅಡಿಕೆ ಸುಗ್ಗಿಯ ಹೊತ್ತಿನಲ್ಲಿ ಸಾಗರದ ಕಡೆಯ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಬಲಗೈಗೆ ಕಪ್ಪು ಬೆಲ್ಟು ಕಟ್ಟಿಕೊಂಡು ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ರಾತ್ರಿ ಊಟ ಮುಗಿದ ಮೇಲೆ ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಎರಡೂವರೆಯ ಸುಮಾರಿಗೆ ಎಚ್ಚರವಾದಾಗ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಅತ್ತಿಗೆ ಕತ್ತಲೆಯಂಥ ಮುಖ ಮಾಡಿಕೊಂಡು, ಥರ್ಮಾಮೀಟರಿನ ಪಾದರಸ ಇಳಿಸುವವರ ಹಾಗೆ ಕೈ ಕೊಡವುತ್ತಾ ಅಡ್ಡಾಡುತ್ತಿದ್ದರು. ಬೆಲ್ಟು ಯಾಕೆ ಕಟ್ಟಿಕೊಂಡಿಲ್ಲ ಎಂದು ಕೇಳಿದೆ. “ಮಲಗುವಾಗ ಕೈಗೇನು ಕೆಲಸ? ಆಗ ಯಾಕೆ ಕಟ್ಟೋದು?” ಎಂದರು.

ಈ ಬರಹಕ್ಕೆ ಕಾರಣ ಆ ಪ್ರಶ್ನೆಯೇ. ಮಣಿಕಟ್ಟಿನ ಸ್ಪ್ಲಿಂಟನ್ನು ಸೊಂಟಪಟ್ಟಿಯಂತೆ, ಕೆಲಸದ ಹೊತ್ತಿನ ಆಸರೆ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಮಾರುವವರೂ ಹಾಗೆಯೇ ಹೇಳಿ ಮಾರುತ್ತಾರೆ. ಆದರೆ ಅತ್ತಿಗೆಗಿದ್ದ ಕಾರ್ಪಲ್ ಟನೆಲ್ ರೋಗದಲ್ಲಿ ಅದರ ಮುಖ್ಯ ಕೆಲಸ ಶುರುವಾಗುವುದು ದೀಪ ಆರಿದ ಮೇಲೆ.

ಅಂಗೈಯ ಬುಡದಲ್ಲಿ ಮಣಿಕಟ್ಟಿನ ಪುಟ್ಟ ಎಲುಬುಗಳು ದೋಣಿಯ ಹೊಟ್ಟೆಯಂತೆ ಬಾಗಿ ನಿಂತಿವೆ. ಆ ದೋಣಿಯ ಮೇಲೆ ದಪ್ಪನೆಯ, ಹಿಗ್ಗದ ಒಂದು ಪಟ್ಟಿ ಬಿಗಿದಿದೆ. ನಡುವಿನ ಕಿಂಡಿಗೆ ಕಾರ್ಪಲ್ ಟನೆಲ್ ಎಂದು ಹೆಸರು. ಬೆರಳು ಮಡಿಸುವ 9 ಸ್ನಾಯುರಜ್ಜುಗಳು ಅದರೊಳಗೆ ಹಾಯುತ್ತವೆ, ಅವುಗಳ ಜೊತೆಗೆ ಮೀಡಿಯನ್ ಎಂಬ ಒಂದು ನರ. ರಜ್ಜುಗಳ ಹೊದಿಕೆ ಸ್ವಲ್ಪ ಊದಿಕೊಂಡರೂ ಹಿಗ್ಗಲು ಜಾಗವಿಲ್ಲ, ಪೆಟ್ಟು ಬೀಳುವುದು ಎಲ್ಲಕ್ಕಿಂತ ಮೆತ್ತಗಿರುವ ನರಕ್ಕೆ. ಆ ನರ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗದ ಸ್ಪರ್ಶವನ್ನು ಹೊರುತ್ತದೆ. ಕಿರುಬೆರಳಿನ ನರ ಬೇರೆ, ಅದರ ದಾರಿಯೂ ಬೇರೆ. “ಇಡೀ ಕೈಯೇ ಜೋಮು” ಎನ್ನುವವರನ್ನು ರಾತ್ರಿ ಎಚ್ಚರವಾದಾಗ ಕಿರುಬೆರಳನ್ನು ಮುಟ್ಟಿ ನೋಡಿ ಎಂದರೆ, ಎಷ್ಟೋ ಸಲ ಅದೊಂದು ಸರಿಯಾಗಿಯೇ ಇರುತ್ತದೆ. ಅತ್ತಿಗೆಗೂ ಹಾಗೇ ಆಯಿತು.

ಹಗಲಿಡೀ ಅಡಿಕೆ ಸುಲಿದ ಕೈ ಹಗಲಲ್ಲೇ ನೋಯಬೇಕಲ್ಲವೇ, ರಾತ್ರಿಗೇಕೆ ಕಾಯುತ್ತದೆ? ಇಲ್ಲಿ ಹಲವು ಸಂಗತಿಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಅವುಗಳಲ್ಲಿ ದೊಡ್ಡದು ನಾವು ಮಲಗುವ ಭಂಗಿ. ನಿದ್ದೆಯಲ್ಲಿ ಬಹಳ ಜನ ಕೈಯನ್ನು ಗಲ್ಲದ ಕೆಳಗೋ ದಿಂಬಿನಡಿಗೋ ಸೇರಿಸಿ ಮಣಿಕಟ್ಟನ್ನು ಒಳಕ್ಕೆ ಮಡಿಸಿಬಿಡುತ್ತಾರೆ. ಎಚ್ಚರವಿದ್ದಾಗ ಹೀಗೆ ಮಡಿಸಿದರೆ ಎರಡು ನಿಮಿಷಕ್ಕೆ ಕಿರಿಕಿರಿಯಾಗಿ ಕೈ ತಾನಾಗಿ ಸರಿಯುತ್ತದೆ. ನಿದ್ದೆಯಲ್ಲಿ ಆ ದೂರು ಕೇಳಿಸುವುದು ತಡವಾಗಿ. 1981ರಲ್ಲಿ ಗೆಲ್ಬರ್‌ಮನ್ ಮತ್ತು ಸಂಗಡಿಗರು ಈ ಕಿಂಡಿಯೊಳಗೆ ಸಣ್ಣ ನಳಿಕೆ ಇಳಿಸಿ ಒತ್ತಡ ಅಳೆದರು. ಆರೋಗ್ಯವಂತರ ಕೈ ನೆಟ್ಟಗಿದ್ದಾಗ ಸರಾಸರಿ ಒತ್ತಡ 2.5 ಮಿಲಿಮೀಟರ್ ಪಾದರಸದಷ್ಟಿದ್ದರೆ, ರೋಗಿಗಳಲ್ಲಿ 32 ಇತ್ತು. ರೋಗಿಗಳ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿದಾಗ ಅದು 94ಕ್ಕೆ ಏರಿತು. ಹಿಂದಕ್ಕೆ ಬಾಗಿಸಿದಾಗ ಇನ್ನೂ ಹೆಚ್ಚು, 110. ಈ ಕೊನೆಯ ಸಂಖ್ಯೆ ನೆನಪಿರಲಿ, ಬೆಲ್ಟಿನ ವಿಷಯಕ್ಕೆ ಬಂದಾಗ ಇದೇ ಸಾಕ್ಷಿ ಹೇಳಬೇಕು.

ನರಕ್ಕೂ ಅದರದೇ ಸೂಕ್ಷ್ಮ ರಕ್ತನಾಳಗಳಿವೆ. ಸುತ್ತಲಿನ ಒತ್ತಡ 20–30ರ ಹತ್ತಿರ ಬಂತೆಂದರೆ ಅವುಗಳಲ್ಲಿ ರಕ್ತ ಮಂದವಾಗಿ ಹರಿಯತೊಡಗುತ್ತದೆ. ಹಸಿದ ನರ ತನ್ನಷ್ಟಕ್ಕೆ ತಾನೇ ಸಂಕೇತ ಸಿಡಿಸುತ್ತದೆ, ಅದೇ ಜುಮುಜುಮು. ಮಲಗಿದಾಗ ಇನ್ನೆರಡು ಸೇರುತ್ತವೆ. ಹಗಲು ಕಾಲಿಗೆ ಇಳಿದ ನೀರಿನಂಶ ಮಲಗಿದ ಮೇಲೆ ಮೈಯಲ್ಲೆಲ್ಲ ಹರಡಿಕೊಳ್ಳುತ್ತದೆ, ಬೆರಳಾಡಿಸುತ್ತಿದ್ದರೆ ಹಿಂಡಿಹೋಗುತ್ತಿದ್ದ ಊತ ಅಲ್ಲೇ ನಿಲ್ಲುತ್ತದೆ. ಜೊತೆಗೆ ನಿದ್ದೆಯಲ್ಲಿ ರಕ್ತದೊತ್ತಡ ತಗ್ಗುವುದರಿಂದ ನರಕ್ಕೆ ರಕ್ತ ತಳ್ಳುವ ಬಲವೂ ಕಡಿಮೆ. ಹೊರಗಿನ ಹಿಂಡುವಿಕೆ ಹೆಚ್ಚಾಗುವ ಹೊತ್ತಿಗೇ ಒಳಗಿನ ಬಲ ಕುಗ್ಗುತ್ತದೆ. ಕೈ ಕೊಡವಿದರೆ ಮಣಿಕಟ್ಟು ನೆಟ್ಟಗಾಗಿ, ಬೆರಳು ಆಡಿ, ಒತ್ತಡ ಇಳಿಯುತ್ತದೆ. ಅತ್ತಿಗೆ ನಡುರಾತ್ರಿ ಮಾಡುತ್ತಿದ್ದ ಆ ಕೊಡವಾಟವೇ ವೈದ್ಯರಿಗೆ ಒಂದು ಸುಳಿವು. 1984ರಲ್ಲಿ ಪ್ರೈಸ್-ಫಿಲಿಪ್ಸ್ ಎಂಬ ವೈದ್ಯರು ಅದನ್ನು ಬರೆದಿಟ್ಟ ಮೇಲೆ ಅದಕ್ಕೆ ಫ್ಲಿಕ್ ಚಿಹ್ನೆ ಎಂಬ ಹೆಸರು ನಿಂತಿತು.

ಅತ್ತಿಗೆಯ ಕೈ ಈ ಸುಳಿವನ್ನು ಒಂದು ವರ್ಷದಿಂದ ಕೊಡುತ್ತಿತ್ತು. ಅಷ್ಟರಲ್ಲಿ ಕುತ್ತಿಗೆಯ ಎಕ್ಸ್-ರೇ ಆಗಿತ್ತು, ಸವೆತ ಕಂಡಿತ್ತು. ಐವತ್ತರ ಆಸುಪಾಸಿನವರ ಕುತ್ತಿಗೆಯಲ್ಲಿ ಸವೆತ ಕಾಣದಿದ್ದರೇ ವಿಶೇಷ. ಬಿ12 ಚುಚ್ಚುಮದ್ದೂ ಆಗಿತ್ತು. ಬಿ12 ಕೊರತೆ ಇದ್ದರೆ ಅದು ಬೇಕು, ಆದರೆ ಆ ಕೊರತೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಮೊದಲಾಗುತ್ತದೆ, ಬಲಗೈಯ ಮೂರೂವರೆ ಬೆರಳನ್ನು ಆರಿಸಿಕೊಂಡು ಬರುವುದಿಲ್ಲ. ಕುತ್ತಿಗೆಯ ನರದ ತೊಂದರೆಯಾದರೆ ಕತ್ತು ತಿರುಗಿಸಿದಾಗ ನೋವು ಭುಜದಿಂದ ಕೆಳಕ್ಕೆ ಹರಿಯುತ್ತದೆ, ಕೈ ಕೊಡವಿದರೆ ಅದು ಹೋಗುವುದಿಲ್ಲ. ಕೊನೆಗೆ ಊರಿನ ವೈದ್ಯರೊಬ್ಬರು ಎರಡೂ ಕೈಯ ಹಿಂಭಾಗ ತಾಗಿಸಿ ಮಣಿಕಟ್ಟು ಬಾಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಇದು ಫೇಲನ್ ಪರೀಕ್ಷೆ. ಮೂವತ್ತು ಸೆಕೆಂಡಿಗೇ ತೋರುಬೆರಳು ಜುಮ್ಮೆಂದಿತು. ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಬರೆದು, “ಒಂದು ಬೆಲ್ಟು ಹಾಕಿಕೊಳ್ಳಿ” ಎಂದು ಕಳಿಸಿದರು. ಯಾವುದು, ಯಾವಾಗ, ಎಷ್ಟು ದಿನ ಎಂಬುದು ಚೀಟಿಯಲ್ಲಿರಲಿಲ್ಲ.

ನನ್ನ ತಕರಾರು ಇಲ್ಲಿಂದ ಶುರು. ಅಂಗಡಿಯಲ್ಲಿ ಸಿಕ್ಕ ಬೆಲ್ಟನ್ನು ಗೂಟದಿಂದ ತೆಗೆದು ನೋಡಿದೆ. ಬಟ್ಟೆ, ವೆಲ್ಕ್ರೋ ಎಲ್ಲ ಚೆನ್ನಾಗಿತ್ತು. ಅಂಗೈಯ ಕಡೆಯ ಜೇಬಿನೊಳಗೆ ಅಲ್ಯೂಮಿನಿಯಂ ಪಟ್ಟಿಯೊಂದಿತ್ತು, ಅದು ಸೌಟಿನ ಕತ್ತಿನ ಹಾಗೆ ಹಿಂದಕ್ಕೆ ಬಾಗಿತ್ತು. ಕೈ ಹಾಕಿದರೆ ಮಣಿಕಟ್ಟು 20–30 ಡಿಗ್ರಿ ಮೇಲೆತ್ತಿ ನಿಲ್ಲುತ್ತದೆ. ಇದು ಮೊದಲಿಂದ ಬಂದ ಕಾಕ್-ಅಪ್ ಮಾದರಿ. ಕೈ ಮೇಲೆತ್ತಲು ಬಾರದವರಿಗೆ, ಹಿಡಿತಕ್ಕೆ ಬಲ ಬೇಕಾದವರಿಗೆ ಆ ಬಾಗು ಸರಿ. ಕಿಂಡಿಯೊಳಗಿನ ಒತ್ತಡ ಇಳಿಸಬೇಕಾದವರಿಗೆ ಅದು ಅರ್ಧ ತಪ್ಪು ಔಷಧ. 110ರ ಕಡೆಗೆ ಹೋಗುವ ದಾರಿ ಅದೇ ತಾನೇ. 20 ಡಿಗ್ರಿಗೆ ಅಷ್ಟೇನೂ ಏರುವುದಿಲ್ಲ, ನಿಜ. ಆದರೆ 1994ರಲ್ಲಿ ಬರ್ಕ್ ಮತ್ತು ಸಂಗಡಿಗರು ನೆಟ್ಟಗಿನ ಸ್ಪ್ಲಿಂಟನ್ನೂ 20 ಡಿಗ್ರಿ ಮೇಲೆತ್ತಿದ ಸ್ಪ್ಲಿಂಟನ್ನೂ ಹೋಲಿಸಿದಾಗ ನೆಟ್ಟಗಿನದೇ ಹೆಚ್ಚು ಆರಾಮ ಕೊಟ್ಟಿತು. ಇಷ್ಟು ವರ್ಷದ ಮೇಲೂ ಬಾಗಿದ ಪಟ್ಟಿಯನ್ನೇ ಇಟ್ಟು, ಪೆಟ್ಟಿಗೆಯ ಮೇಲೆ “ಕಾರ್ಪಲ್ ಟನೆಲ್‌ಗೆ” ಎಂದು ಅಚ್ಚು ಹಾಕಿ ಮಾರುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ.

ಸರಿಪಡಿಸುವುದೇನೂ ಕಷ್ಟವಲ್ಲ. ಪಟ್ಟಿಯನ್ನು ಜೇಬಿನಿಂದ ಎಳೆದು ಮೇಜಿನ ಅಂಚಿಗೆ ಒತ್ತಿ, ಬಹುತೇಕ ನೇರ ಮಾಡಿದೆ. ಮತ್ತೆ ಸೇರಿಸಿ ಅತ್ತಿಗೆಯ ಕೈಗೆ ಕಟ್ಟಿ, ಮುಂಗೈ ಮತ್ತು ಅಂಗೈಯ ಹಿಂಭಾಗದ ಮೇಲೆ ಮೊಮ್ಮಗನ ಸ್ಕೇಲು ಇಟ್ಟು ನೋಡಿದೆವು. ಎರಡೂ ಒಂದೇ ಗೆರೆಯಲ್ಲಿ ಬರಬೇಕು. ಬಗ್ಗದ ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚಿನವೂ ಬರುತ್ತವೆ, ಅಂಥವನ್ನು ಅಂಗಡಿಯಲ್ಲೇ ಕೈಗೆ ಹಾಕಿ ನೋಡಿ ಕೊಳ್ಳಬೇಕು. ಇನ್ನೊಂದು ಎಡವಟ್ಟು ಬಿಗಿ. ಬಿಗಿ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಅತ್ತಿಗೆ ವೆಲ್ಕ್ರೋವನ್ನು ಕೊನೆತನಕ ಎಳೆಯುತ್ತಿದ್ದರು. ನರವನ್ನು ಹಿಂಡುವ ಕಿಂಡಿಯನ್ನು ಹೊರಗಿನಿಂದಲೂ ಹಿಂಡಿದರೆ ಏನು ಬಂತು? ಪಟ್ಟಿಯಡಿ ಒಂದು ಬೆರಳು ಸಲೀಸಾಗಿ ತೂರಬೇಕು, ಬೆಳಿಗ್ಗೆ ಚರ್ಮದ ಮೇಲೆ ಆಳದ ಗೀರು ಉಳಿಯಬಾರದು.

ಹಗಲೂ ಹಾಕಬೇಕೇ? 2000ದಲ್ಲಿ ವಾಕರ್ ಮತ್ತು ಸಂಗಡಿಗರು ನೆಟ್ಟಗಿನ ಸ್ಪ್ಲಿಂಟನ್ನು ರಾತ್ರಿ ಮಾತ್ರ ಹಾಕಿದವರನ್ನೂ ದಿನವಿಡೀ ಹಾಕಿದವರನ್ನೂ ಆರು ವಾರ ನೋಡಿದರು. ನರ ಪರೀಕ್ಷೆಯಲ್ಲಿ ಎರಡನೆಯವರು ತುಸು ಮುಂದಿದ್ದರು, ತೊಂದರೆ ತಗ್ಗಿದ್ದು ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ. ಬೆಲ್ಟು ಕಟ್ಟಿಕೊಂಡು ಅಡಿಕೆ ಸುಲಿದರೆ ಮಣಿಕಟ್ಟು ಬಾಗದ ಕಾರಣ ಬೆರಳುಗಳು ಇನ್ನಷ್ಟು ಬಲ ಹಾಕಿ ಹಿಡಿಯಬೇಕಾಗುತ್ತದೆ, ಆ ಬಲವೆಲ್ಲ ಕಿಂಡಿಯೊಳಗಿನ ರಜ್ಜುಗಳ ಮೇಲೆಯೇ. ಆದ್ದರಿಂದ ಸುಲಿಯುವಾಗ ಬಿಚ್ಚಿಡಿ, ಮಲಗುವಾಗ ಕಟ್ಟಿ ಎಂದು ಅತ್ತಿಗೆಯ ಪದ್ಧತಿಯನ್ನು ತಿರುವುಮುರುವು ಮಾಡಿದೆವು.

ಇಷ್ಟೆಲ್ಲ ಹೇಳಿ ಸ್ಪ್ಲಿಂಟನ್ನು ಹೊಗಳಿದರೆ ಸುಳ್ಳಾಗುತ್ತದೆ. 2023ರ ಕಾಕ್ರೇನ್ ಪರಿಶೀಲನೆ ಇದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಮೊದಲ ಮೂರು ತಿಂಗಳಲ್ಲಿ ಸ್ಪ್ಲಿಂಟಿನ ಲಾಭ ಅತಿ ಕಡಿಮೆ ಅಥವಾ ಇಲ್ಲವೆನ್ನುವಷ್ಟು ಎಂದಿತು. ರಾತ್ರಿ ಹಾಕಿದವರಲ್ಲಿ “ಒಟ್ಟಾರೆ ಸುಧಾರಿಸಿದೆ” ಎನ್ನುವವರು ಹೆಚ್ಚಿರಬಹುದು ಎಂದೂ, ಆದರೆ ಪುರಾವೆ ತೆಳ್ಳಗಿದೆ ಎಂದೂ ಸೇರಿಸಿತು. 2018ರ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಆರು ವಾರಕ್ಕೆ ಒಂದೇ ಸ್ಟೀರಾಯ್ಡ್ ಚುಚ್ಚುಮದ್ದು ಸ್ಪ್ಲಿಂಟನ್ನು ಮೀರಿಸಿತ್ತು, ಆರು ತಿಂಗಳಿಗೆ ಎರಡೂ ಸಮನಾಗಿದ್ದವು. ಇನ್ನು 2002ರ ನೆದರ್‌ಲ್ಯಾಂಡ್ಸ್ ಪ್ರಯೋಗದಲ್ಲಿ ಮೂರು ತಿಂಗಳಿಗೆ ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 80 ಮಂದಿ, ಸ್ಪ್ಲಿಂಟಿನವರಲ್ಲಿ 54 ಮಂದಿ ಗುಣ ಕಂಡರು. ಒಂದೂವರೆ ವರ್ಷದ ಹೊತ್ತಿಗೆ ಸ್ಪ್ಲಿಂಟಿನ ಗುಂಪಿನಲ್ಲಿ ನೂರಕ್ಕೆ 41 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು.

ಈ ಲೆಕ್ಕಗಳನ್ನು ನಾನು ಓದುವ ಬಗೆ ಹೀಗೆ. ಸ್ಪ್ಲಿಂಟು ಕಿಂಡಿಯನ್ನು ಅಗಲ ಮಾಡುವುದಿಲ್ಲ, ಊತವನ್ನೂ ಕರಗಿಸುವುದಿಲ್ಲ. ನಿದ್ದೆಯಲ್ಲಿ ಮಣಿಕಟ್ಟು ಮಡಿಯದಂತೆ ತಡೆಯುವುದಷ್ಟೇ ಅದರ ಕೈಲಾಗುವುದು. ಹಾಗಾಗಿ ತೊಂದರೆಯೆಲ್ಲ ರಾತ್ರಿಗೇ ಸೀಮಿತವಾದವರಿಗೆ, ಬೆಳಿಗ್ಗೆ ಕೈ ಮೊದಲಿನಂತೆ ಇರುವವರಿಗೆ, ಹೆರಿಗೆಯ ನಂತರ ಸಾಮಾನ್ಯವಾಗಿ ಬಿಟ್ಟುಹೋಗುವ ಜೋಮು ತುಂಬು ಬಸುರಿನಲ್ಲಿ ಕೈಗೆ ಹಿಡಿದ ಹೆಂಗಸರಿಗೆ ಅದು ಒಳ್ಳೆಯ ಜೊತೆ. ಹಗಲಲ್ಲೂ ಬೆರಳ ತುದಿ ಮಂಕಾಗಿಯೇ ಇರುವವರಿಗೆ, ಅಂಗಿಯ ಗುಂಡಿ ಹಾಕಲು ತಡಕಾಡುವವರಿಗೆ, ಹೆಬ್ಬೆರಳ ಬುಡದ ದಿಬ್ಬ ತಗ್ಗಿದವರಿಗೆ ತಿಂಗಳುಗಟ್ಟಲೆ ಅದನ್ನು ಕಟ್ಟಿ ಕಾಯಿಸುವುದು ನರಕ್ಕೆ ಮಾಡುವ ಅನ್ಯಾಯ. ಆ ದಿಬ್ಬ ಒಮ್ಮೆ ಕರಗಿದರೆ ಪಟ್ಟಿ ಕತ್ತರಿಸಿ ಕಿಂಡಿ ತೆರೆದರೂ ಪೂರ್ತಿ ತುಂಬಿಕೊಳ್ಳುವ ಭರವಸೆಯಿಲ್ಲ.

ಅತ್ತಿಗೆ ಆರು ವಾರ ಕಟ್ಟಿದರು. ಮೊದಲ ವಾರ ನಿದ್ದೆಯಲ್ಲೇ ಎರಡು ಸಲ ಕಿತ್ತೆಸೆದಿದ್ದರಂತೆ. ಬೆವರಿಗೆ ತುರಿಕೆ ಬಂತು, ಹಳೆಯ ಹತ್ತಿಯ ಕಾಲುಚೀಲದ ತುದಿ ಕತ್ತರಿಸಿ ಒಳಗೆ ಹಾಕಿಕೊಂಡ ಮೇಲೆ ಅದು ನಿಂತಿತು. ಮೂರನೇ ವಾರದಿಂದ ರಾತ್ರಿ ಏಳುವುದು ವಾರಕ್ಕೆ ಒಂದು ಸಲಕ್ಕೆ ಇಳಿಯಿತು, ಬಲಗೈಗೆ. ಅಷ್ಟು ದಿನ ಬಲಗೈಯ ಗದ್ದಲದಲ್ಲಿ ಯಾರೂ ಕೇಳಿರದ ಎಡಗೈಯ ಕಡೆ ಆಗ ಗಮನ ಹೋಯಿತು. ಅದು ರಾತ್ರಿ ಎಬ್ಬಿಸುತ್ತಿರಲಿಲ್ಲ. ಹಗಲಿಡೀ ಮಂಕಾಗಿ, ಸುಮ್ಮನಿತ್ತು. ಎರಡು ಅಂಗೈಗಳನ್ನು ಪಕ್ಕಪಕ್ಕ ಇಟ್ಟಾಗ ಎಡ ಹೆಬ್ಬೆರಳ ದಿಬ್ಬ ಸ್ಪಷ್ಟವಾಗಿ ಚಪ್ಪಟೆಯಾಗಿತ್ತು. ಅದಕ್ಕೂ ಒಂದು ಬೆಲ್ಟು ತಂದುಬಿಡಲೇ ಎಂದು ಅಣ್ಣ ಕೇಳಿದ. ಬೇಡ ಎಂದು, ಶಿವಮೊಗ್ಗದಲ್ಲಿ ನರದ ವೇಗ ಅಳೆಯುವ ಪರೀಕ್ಷೆಗೆ ದಿನ ಗೊತ್ತುಮಾಡಿಸಿದೆ.